ಕೂತಿದ್ದೀರಾ ಎಂದು ಮೊದಲು ಕೇಳುವವಳು

ಗಾಜಿನ ಚೂರು ಇನ್ನೂ ಎಲ್ಲೋ ಉಳಿದಿದೆ ಎನ್ನುವ ಚಿಂತೆ ನನ್ನನ್ನು ಬಿಡುತ್ತಿಲ್ಲ. ಬ್ಯಾಗನ್ನು ಬಾಲ್ಕನಿಯಲ್ಲಿ ಮಗುಚಿ ಕೊಡವಿದ್ದೇನೆ. ಅವತ್ತು ಹಾಕಿದ್ದ ಬಟ್ಟೆಯನ್ನು ಒಗೆಯುವ ಗೋಜಿಗೆ ಹೋಗದೆ ಸುತ್ತಿ ಕಸಕ್ಕೆ ಹಾಕಿದ್ದೇನೆ. ತಲೆಗೂದಲನ್ನು ಬಾಚಿ ಬಾಚಿ ಬುಡ ಉರಿಯುತ್ತಿದೆ. ಆದರೂ ಮೊನ್ನೆ ಮಗಳು ನನ್ನ ಊಟದ ಡಬ್ಬಿಯ ಚೀಲದೊಳಗೆ ಕೈಹಾಕಿ, ಏನೋ ನಿಧಿ ಸಿಕ್ಕ ಖುಷಿಯಲ್ಲಿ ಮುಷ್ಟಿ ಬಿಗಿದುಕೊಂಡು ಓಡಿಬಂದಳು. ಅವಳಿಗಿನ್ನೂ ಎರಡು ವರ್ಷ ತುಂಬಿಲ್ಲ. ಕೊಡು ಎಂದರೆ ಕೊಡುವುದಿಲ್ಲ, ಇನ್ನೂ ಬಿಗಿ ಮಾಡುತ್ತಾಳೆ. ನಾನು ಒಂದೊಂದೇ ಬೆರಳು ಬಿಡಿಸಿದೆ. ಉಗುರಿನಷ್ಟು ಗಾಜು. ಅಂಚಿನಲ್ಲಿ ಒಣಗಿದ ಕಂದು ಬಣ್ಣ. ಮಗುವಿನ ಅಂಗೈ ಸ್ವಚ್ಛವಾಗಿತ್ತು.

ಆ ರಕ್ತ ನಮ್ಮ ಆಫೀಸಿನ ಅಕ್ಕನದು.

ಗಾಜು ಒಡೆದ ದಿನದಿಂದ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ: ಈ ಕೆಲಸ ಬಿಟ್ಟು ಬೇರೆ ಹುಡುಕಿಕೊಳ್ಳಲಾ? ಕೇಳಿ ಮುಗಿಸುವಷ್ಟರಲ್ಲಿ ಎಲ್ಲರ ಬಳಿಯೂ ಉತ್ತರ ತಯಾರಿರುತ್ತದೆ. ಗಂಡ ಮೊಬೈಲಿನಿಂದ ತಲೆ ಎತ್ತದೆಯೇ “ಬಿಟ್ಬಿಡು, ಜೀವಕ್ಕಿಂತ ಹೆಚ್ಚಾ?” ಎಂದರು. ಅತ್ತೆ “ಬಿಟ್ಟು ಏನ್ ಮಾಡ್ತೀಯ? ಮನೇಲಿ ಕೂತ್ರೆ ಗೋಡೆಗೂ ಹೆದರ್ಕೋತೀಯ ನೀನು” ಎಂದರು. ಅಮ್ಮ ಫೋನಿನಲ್ಲಿ ಅತ್ತರು. ಕಾಲೇಜಿನ ಗೆಳತಿ “ನಮ್ಮ ಆಫೀಸಲ್ಲಿ ಜಾಗ ಖಾಲಿ ಇದೆ, ನಾಳೆನೇ ಬಾ” ಎಂದಳು. ನನಗೆ ಆ ಕೆಲಸ ಬರುತ್ತದೋ ಇಲ್ಲವೋ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದರಲ್ಲಿ ನಗು ತರಿಸುವ ಸಂಗತಿ ಏನೆಂದರೆ, ಇಂಥ ಪ್ರಶ್ನೆಗೆ ಹೇಗೆ ಉತ್ತರ ಕೊಡಬೇಕು ಎನ್ನುವುದೇ ನನ್ನ ಕೆಲಸ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಉದ್ಯೋಗ ಸಲಹಾ ಕೇಂದ್ರ. ನಾಲ್ಕು ಮೇಜು, ನಾಲ್ಕು ಫೋನು, ಕೊನೆಯಲ್ಲಿ ಸಾಹೇಬರ ಗಾಜಿನ ಕೋಣೆ. ಫೋನ್ ಮಾಡುವವರು ಹತ್ತರಲ್ಲಿ ಎಂಟು ಮಂದಿ ಒಂದೇ ಮಾತು ಕೇಳುತ್ತಾರೆ: “ಮೇಡಂ, ಕೆಲಸ ಬದಲಾಯಿಸ್ಲಾ?” ಅಷ್ಟೇ. ಯಾವ ಕೆಲಸ, ಎಷ್ಟು ವರ್ಷದ ಅನುಭವ, ಕೈಯಲ್ಲಿ ಎಷ್ಟಿದೆ, ಮನೆಯಲ್ಲಿ ಯಾರಿದ್ದಾರೆ, ಒಂದೂ ಇಲ್ಲ. ನಮಗೆ ಮೈಮೇಲೆ ಬಂದು ಕಣಿ ಹೇಳಲು ಬರುತ್ತದೆ ಎಂದುಕೊಂಡಿರಬೇಕು.

ಅಕ್ಕ ನನ್ನ ಎಡಗಡೆಯ ಮೇಜಿನವಳು. ಅವಳ ಹೆಸರು ಕೇಂದ್ರದಲ್ಲಿ ಯಾರ ಬಾಯಲ್ಲೂ ಇಲ್ಲ. ಎದುರಿಗೆ ಅಕ್ಕ, ಬೆನ್ನ ಹಿಂದೆ ಪ್ರಶ್ನೆಪತ್ರಿಕೆ. ಫೋನ್ ಎತ್ತಿದೊಡನೆ ಅವಳ ಮೊದಲ ಮಾತು, “ಕೂತ್ಕೊಂಡಿದೀರಾ?” ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕರೆ ಮಾಡಿದವರಿಗೆ “ಹೋಗಿ ಎಲ್ಲಾದ್ರೂ ಕೂತ್ಕೊಂಡು ಮಾಡಿ, ನಾನೆಲ್ಲೂ ಓಡಿಹೋಗಲ್ಲ” ಎನ್ನುತ್ತಿದ್ದಳು. ಎರಡನೆಯದು, “ಪಕ್ಕದಲ್ಲಿ ಯಾರಿದಾರೆ?” ಮೂರನೆಯದು, “ಈ ಪ್ರಶ್ನೆ ಇವತ್ತೇ ಯಾಕೆ ಬಂತು?” ಆಮೇಲೆ ಉಳಿದದ್ದು. ಕೆಲಸ ಏನು, ಎಷ್ಟು ಕಾಲದಿಂದ, ಬೇರೆ ಕಡೆ ಕೈಗೆ ಬರೆದುಕೊಟ್ಟಿದ್ದಾರಾ ಇಲ್ಲ ಬಾಯಿಮಾತಾ, ನೋಟಿಸ್ ಎಷ್ಟು ದಿನ, ಸಂಬಳ ನಿಂತರೆ ಮನೆ ಎಷ್ಟು ತಿಂಗಳು ನಡೆಯುತ್ತೆ. ಕೊನೆಗೂ ಬಿಡಿ ಎಂದಾಗಲಿ ಬಿಡಬೇಡಿ ಎಂದಾಗಲಿ ಅವಳ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಫೋನ್ ಇಡುವಷ್ಟರಲ್ಲಿ ಆ ಕಡೆಯವರೇ ಏನೋ ಒಂದು ಹೇಳಿಕೊಂಡಿರುತ್ತಿದ್ದರು.

ಅವಳ ಗಂಡ ಒಮ್ಮೆ ಛತ್ರಿ ಕೊಡಲು ಬಂದವರು ನಮ್ಮೆದುರೇ ಹೇಳಿದ್ದರು: “ನನ್ನ ಮದುವೆ ಆಗ್ತೀಯಾ ಅಂತ ಒಂದೇ ಪ್ರಶ್ನೆ ಕೇಳ್ದೆ. ವಾಪಸ್ ನಲವತ್ತು ಕೇಳಿದ್ಲು. ಇಪ್ಪತ್ತೆರಡು ವರ್ಷ ಆಯ್ತು, ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.”

“ಬೇರೆ ಕಡೆ ಬರೆದುಕೊಟ್ಟಿದ್ರಾ ನಿಮಗೆ?” ಎಂದಳು ಅಕ್ಕ. ಛತ್ರಿ ಇಸಿದುಕೊಂಡಳು.

ಅವಳ ಗದ್ದದ ಕೆಳಗೆ ಒಂದು ಗಾಯದ ಗುರುತಿದೆ. ಇಲ್ಲಿಗೆ ಬರುವ ಮೊದಲು ಅವಳು ಟೈರ್ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದಳು. ಕೆಲಸದಿಂದ ತೆಗೆಯಬೇಕಾದವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಲಕೋಟೆ ಕೊಡುವ ಕೆಲಸ ಅವಳದು. ಮಾತಾಡಬಾರದು, ಕೊಟ್ಟು ಕಳಿಸಬೇಕು ಎಂದು ಮೇಲಿನಿಂದ ಆಜ್ಞೆ. ಒಬ್ಬ ಲಕೋಟೆ ತೆಗೆದುಕೊಂಡವನು ಮಾತಾಡದೆ ಗೋಡೆಗೆ ಹೋಗಿ ಹಣೆ ಬಡಿಯತೊಡಗಿದನಂತೆ. ಕೂಗಲಿಲ್ಲ, ಬೈಯಲಿಲ್ಲ, ಮೊಳೆ ಹೊಡೆದಂತೆ ಒಂದೇ ಲಯದಲ್ಲಿ. ಸುಣ್ಣದ ಗೋಡೆ ಕೆಂಪಾಗಿ, ಹಣೆಯ ಚರ್ಮ ಸುಲಿದು ಹುಬ್ಬಿನ ಮೇಲೆ ಜೋತಿತ್ತು. ಹಿಡಿಯಲು ಹೋದವಳ ಗದ್ದಕ್ಕೆ ಅವನ ಮೊಣಕೈ ಬಡಿದು ಸೀಳಿತು. “ಅವನ ಹತ್ರ ಒಂದು ಮಾತು ಕೇಳಿದ್ರೆ ಸಾಕಿತ್ತು ಕಣೆ” ಎಂದಿದ್ದಳು ನನಗೆ, ಟೀ ಲೋಟದೊಳಕ್ಕೆ ನೋಡುತ್ತ. “ಈಗ ಮನೆಗೆ ಹೇಗೆ ಹೋಗ್ತೀಯಪ್ಪಾ ಅಂತ. ಅಷ್ಟೇ.”

ಅವಳು ಆ ಕೆಲಸ ಬಿಟ್ಟದ್ದು ಅದಾದ ಮೇಲೆ. ತಕ್ಷಣ ಬಿಟ್ಟಳಾ ಎಂದು ಕೇಳಿದರೆ ನಕ್ಕಳು. “ಹುಚ್ಚಾ? ಮನೆ ಸಾಲ ಇತ್ತು. ಒಂದು ವರ್ಷ ಲೆಕ್ಕ ಹಾಕ್ಕೊಂಡು ಬಿಟ್ಟೆ.”

ನಮ್ಮ ಮೇಜಿಗೂ ಪೆಟ್ಟು ತಿಂದವರು ಬರುತ್ತಾರೆ. ನಾನು ಸೇರಿದ ಹೊಸತರಲ್ಲಿ ಒಬ್ಬಾಕೆ ಬಂದು ಕೆಲಸ ಬದಲಾಯಿಸಲಾ ಎಂದಳು. ನಾನು ಅನುಭವ ಎಷ್ಟು ಎಂದು ಕೇಳಲು ಬಾಯಿ ತೆರೆದಿದ್ದೆ. ಅಕ್ಕ ತನ್ನ ಮೇಜಿನಿಂದ ಎದ್ದು ಬಂದು ಆಕೆಯ ಜೊತೆಗಿದ್ದ ಗಂಡಸಿಗೆ, “ನೀವು ಕೆಳಗೆ ಹೋಗಿ ಎರಡು ಟೀ ತರ್ತೀರಾ?” ಎಂದು ಹೇಳಿ ಕಳಿಸಿದಳು. ಮೆಟ್ಟಿಲ ಸದ್ದು ಇಳಿದ ಮೇಲೆ ಆಕೆ ಕುತ್ತಿಗೆಯ ಬಟ್ಟೆ ಸರಿಸಿದಳು. ಬೆರಳಿನ ಗುರುತು ಐದೂ ಎಣಿಸಬಹುದಿತ್ತು. ಕೆಲಸದ ದಾರಿಯಲ್ಲಿ ಯಾರನ್ನೋ ನೋಡಿದಳೆಂದು ಅವನೇ ಕೊಟ್ಟದ್ದಂತೆ. ಅವಳ ಪ್ರಶ್ನೆಗೂ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಟೀ ಬರುವಷ್ಟರಲ್ಲಿ ಅವಳು ಮೆಟ್ಟಿಲಿಳಿದು, ಕೆಳಗಿನ ಚಪ್ಪಲಿ ಅಂಗಡಿಯ ಕಪಾಟಿನ ಸಂದಿಯಿಂದ ಹಿಂದಿನ ಬೀದಿಗೆ ದಾಟಿ ತಂಗಿಯ ಮನೆಗೆ ಹೊರಟಿದ್ದಳು. ಆ ಗಂಡಸು ಎರಡೂ ಲೋಟವನ್ನು ಗೋಡೆಗೆ ಎಸೆದ. ಬಿಸಿ ಟೀ ನನ್ನ ಕತ್ತಿನ ಮೇಲೆ ಬಿತ್ತು.

ಹೀಗಿರುವಾಗ ಸಾಹೇಬರು ಬದಲಾದರು. ಹೊಸಬರು ಅಚ್ಚುಕಟ್ಟಿನ ಮನುಷ್ಯ. ಪ್ರತಿ ಫೋನಿನ ಪಕ್ಕ ಒಂದು ಕೆಂಪು ದೀಪ ಇಡಿಸಿದರು. ಮೂರು ನಿಮಿಷವಾದರೆ ಹತ್ತಿಕೊಳ್ಳುತ್ತದೆ. ಅಕ್ಕನ ದೀಪ ಸದಾ ಉರಿಯುತ್ತಿತ್ತು. ಒಂದು ದಿನ ಸಾಹೇಬರು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, “ಜನಕ್ಕೆ ಬೇಕಿರೋದು ಧೈರ್ಯ. ವಿಚಾರಣೆ ಅಲ್ಲ. ನೋಡಿ, ತೋರಿಸ್ತೀನಿ” ಎಂದು ನನ್ನ ಮೇಜಿನಲ್ಲಿ ಆಗತಾನೇ ರಿಂಗಾದ ಫೋನನ್ನು ಎತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

ಆ ಕಡೆಯಿಂದ ಗಂಡಸಿನ ದನಿ ಕಿವಿ ಹರಿಯುವಂತೆ ಕೂಗಿತು: “ಸಾರ್! ಕೆಲಸ ಬದಲಾಯಿಸ್ಲಾ ಸಾರ್?”

“ಈಗಿನ ಕೆಲಸದಲ್ಲಿ ಖುಷಿ ಇದೆಯಾ?”

“ಇಲ್ಲ ಸಾರ್!”

“ಮತ್ತೆ ಯಾಕೆ ಯೋಚನೆ? ಬಿಡಿ. ಧೈರ್ಯವಾಗಿ ಬಿಡಿ. ಒಳ್ಳೆಯದಾಗುತ್ತೆ.”

“ಆಯ್ತು ಸಾರ್! ತುಂಬ ಉಪಕಾರ ಆಯ್ತು ಸಾರ್!”

ದೀಪ ಹತ್ತುವ ಮಾತೇ ಇರಲಿಲ್ಲ. ಸಾಹೇಬರು ಕೈ ಝಾಡಿಸಿದರು. ಇಬ್ಬರು ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಕೈಕಟ್ಟಿ ನಿಂತಿದ್ದವಳು ಕೇಳಿದಳು, “ಯಾರಿಗೆ ಹೇಳಿದ್ರಿ ಸಾರ್?”

“ಅಂದ್ರೆ?”

“ಬಿಡಿ ಅಂದ್ರಲ್ಲ. ಯಾರಿಗೆ?”

ಸಾಹೇಬರು ಫೋನನ್ನು ನೋಡಿದರು, ಅದರೊಳಗೆ ಅವನಿನ್ನೂ ಇದ್ದಾನೋ ಎಂಬಂತೆ. “ಶುರು ಮಾಡಿದ್ರು ಪ್ರಶ್ನೆಪತ್ರಿಕೆ” ಎಂದು ಯಾರೋ ಗೊಣಗಿದರು. ಎಲ್ಲರೂ ನಕ್ಕೆವು.

ಅವನು ಬಂದದ್ದು ಕೆಲವು ವಾರಗಳ ನಂತರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ನನ್ನ ಮೇಜು ಬಾಗಿಲಿಗೆ ಬೆನ್ನು ಹಾಕಿದೆ, ಎದುರಿಗೆ ಸಾಹೇಬರ ಗಾಜಿನ ಗೋಡೆ. ಆದ್ದರಿಂದ ನಾನು ಅವನನ್ನು ಮೊದಲು ನೋಡಿದ್ದು ಆ ಗಾಜಿನಲ್ಲಿ: ನನ್ನ ತಲೆಯ ಮೇಲುಗಡೆ ಒಂದು ಅಗಲವಾದ ಎದೆ, ಎತ್ತಿದ ಕೈ. ಕೈಯಲ್ಲಿ ಕಾದ ಕಬ್ಬಿಣ ಹಿಡಿಯುವ ಇಕ್ಕಳ, ನನ್ನ ಮಗಳಷ್ಟು ಉದ್ದದ್ದು. ಏನಿದು ಎಂದು ಅರ್ಥವಾಗುವ ಮೊದಲೇ ಅದು ನನ್ನ ತಲೆಯನ್ನು ದಾಟಿ ಹೋಗಿ ಗಾಜಿಗೆ ಬಡಿಯಿತು. ಗೋಡೆಗೆ ಗೋಡೆಯೇ ಒಂದು ಕ್ಷಣ ಬೆಳ್ಳಗೆ ನಿಂತು, ಆಮೇಲೆ ನನ್ನ ಮೇಲೆ ಸುರಿಯಿತು.

“ಬಿಡು ಅಂದೋನು ಯಾವನೋ! ಫೋನಲ್ಲಿ ಬಿಡು ಅಂದೋನು ಯಾವನು!”

ಅದೇ ದನಿ. ನಾನು ಮೇಜಿನ ಕೆಳಗೆ ತೂರಿಕೊಂಡೆ. ಅಲ್ಲಿಂದ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಸಾಹೇಬರ ಹೊಳೆಯುವ ಬೂಟು ಕಪಾಟಿನ ಹಿಂದಕ್ಕೆ ಸರಿಯಿತು. ಕಿಡಿ ಬಿದ್ದು ತೂತಾದ ದಪ್ಪ ಬೂಟು ಗಾಜಿನ ಮೇಲೆ ಕರಕರ ಮುಂದೆ ಬಂತು. ಒಂದು ಹೊಡೆತಕ್ಕೆ ಪಕ್ಕದ ಮೇಜಿನ ಫೋನು ಸಿಡಿದು ಕೆಂಪು ದೀಪ ಉರುಳುತ್ತ ನನ್ನ ಮೂಗಿನ ಹತ್ತಿರ ಬಂದು ನಿಂತಿತು. ಅದು ಉರಿಯುತ್ತಲೇ ಇತ್ತು. ಬೆಳಿಗ್ಗೆ ಮಗಳು ಕೊಟ್ಟ ಮುತ್ತು ಕೆನ್ನೆಯ ಮೇಲೆ ಅಂಟಂಟಾಗಿತ್ತು, ಒರೆಸಿಕೊಂಡಿದ್ದೆ. ಯಾಕೆ ಒರೆಸಿಕೊಂಡೆ ಎಂದು ಮಾತ್ರ ಯೋಚಿಸುತ್ತಿದ್ದೆ.

ಆಗ ಅಕ್ಕನ ಚಪ್ಪಲಿ ಕಂಡಿತು. ಸಾಹೇಬರ ಕೋಣೆಗೂ ಆ ಬೂಟಿಗೂ ನಡುವೆ ಬಂದು ನಿಂತಿತು. ನಾನು ಮೇಜಿನ ಅಂಚಿನಿಂದ ತಲೆ ಹೊರಗೆ ಚಾಚಿದೆ.

“ಏನು ಕೆಲಸ?” ಎಂದಳು. ಜೋರಾಗಿ, ಒಂದೊಂದು ಅಕ್ಷರ ಬಿಡಿಸಿ. ಕಾರ್ಖಾನೆಯಲ್ಲಿದ್ದವಳು. ಕೂಗುವವರೆಲ್ಲ ಕೋಪದಿಂದ ಕೂಗುವುದಿಲ್ಲ, ಕೆಲವರಿಗೆ ಕಿವಿ ಹೋಗಿರುತ್ತದೆ ಎಂದು ತಿಳಿದವಳು. ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವಂತೆ ಕೇಳಿದಳು.

“ಸುತ್ತಿಗೆ! ಕಬ್ಬಿಣ ಬಡಿಯೋ ಮಷೀನ್ ಸುತ್ತಿಗೆ!” ಇಕ್ಕಳ ಬಾಗಿಲ ಚೌಕಟ್ಟಿಗೆ ಬಿತ್ತು. “ಸರಿಯಮ್ಮ ಆಚೆ!”

“ಎಷ್ಟು ವರ್ಷ?”

“ಹದಿನಾರು!” ಮತ್ತೊಂದು ಹೊಡೆತ. ಮರ ಸೀಳಿತು.

“ಯಾಕೆ ಬಿಟ್ಟಿದ್ದು?”

“ಮೇಸ್ತ್ರಿ ಕೆನ್ನೆಗೆ ಹೊಡ್ದ! ಬೇರೆ ಶೆಡ್ಡಲ್ಲಿ ಜಾಸ್ತಿ ಕೊಡ್ತೀವಿ ಅಂದ್ರು! ಇಲ್ಲಿ ಕೇಳ್ದೆ! ಬಿಡು ಅಂದ್ರು!” ಅವನು ಮತ್ತೆ ಬೀಸಿದ. ಬಾಗಿಲಿಗೆ ಬೀಳಬೇಕಾದದ್ದು. ಅಕ್ಕ ಕೈ ಅಡ್ಡ ತಂದಿದ್ದಳು.

ಮೂಳೆ ಮುರಿಯುವ ಸದ್ದು ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಒಣ ಕಡ್ಡಿಯ ಸದ್ದು, ಅಷ್ಟೇ. ಅಕ್ಕ ಮಂಡಿಯೂರಿದಳು. ಮುಂಗೈ ಇರಬೇಕಾದ ಕಡೆ ತಿರುಗಿರಲಿಲ್ಲ. ಚರ್ಮ ಹರಿದ ಜಾಗದಿಂದ ರಕ್ತ ಗಾಜಿನ ರಾಶಿಯ ಮೇಲೆ, ನನ್ನ ಡಬ್ಬಿಯ ಚೀಲದ ಮೇಲೆ ಸುರಿಯಿತು. ಅವಳ ಬಾಯಿಂದ ಒಂದು ನರಳಿಕೆ ಹೊರಟಿತು. ಅದು ಮುಗಿಯುವ ಮೊದಲೇ ಮತ್ತೆ ಪ್ರಶ್ನೆ ಬಂತು. ಅವಳಿಗೆ ಅದು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

“ಮನೇಲಿ… ಯಾರಿದಾರೆ?”

ಅವನು ಇಕ್ಕಳವನ್ನು ಎತ್ತಿದವನು ಎತ್ತಿಯೇ ನಿಂತ. ಅವಳ ಕೈಯನ್ನು ನೋಡುತ್ತಿದ್ದ. “ಹೆಂಡ್ತಿ” ಎಂದ. “ಹೃದಯದ ಆಪರೇಷನ್. ಮುಂದಿನ ತಿಂಗಳು. ಕಂಪನಿ ವಿಮೆ ಕೆಲಸ ಬಿಟ್ಟ ದಿನಕ್ಕೇ ನಿಲ್ಲುತ್ತೆ ಅಂತ ಇವತ್ತು ಆಫೀಸಲ್ಲಿ ಹೇಳ್ತಾರೆ. ಹೊಸ ಶೆಡ್ಡಲ್ಲಿ ವಿಮೆನೇ ಇಲ್ಲ. ಅವಳು ಸಾಯ್ತಾಳೆ. ಅವನನ್ನ ಸಾಯಿಸಿ ಹೋಗ್ತೀನಿ.”

“ಕೊನೇ ದಿನ ಯಾವತ್ತು ನಿನ್ನದು?”

“ಏನು?”

“ನೋಟಿಸ್! ಯಾವತ್ತು ಮುಗಿಯುತ್ತೆ?”

“ಈ ತಿಂಗಳ ಕೊನೆ.”

“ಹಂಗಾದ್ರೆ ನೀನಿನ್ನೂ ಕೆಲಸ ಬಿಟ್ಟಿಲ್ಲ.” ಅವಳು ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. “ಇವತ್ತಿಗೂ ವಿಮೆ ಇದೆ. ಆಪರೇಷನ್ ಈ ತಿಂಗಳೇ ಮಾಡ್ತೀರಾ ಅಂತ ಡಾಕ್ಟ್ರನ್ನ ಕೇಳಿದ್ಯಾ? ರಾಜೀನಾಮೆ ವಾಪಸ್ ತಗೋತೀನಿ ಅಂತ ಬರೆದುಕೊಟ್ಯಾ? ಒಪ್ಪೋದು ಬಿಡೋದು ಅವರಿಷ್ಟ. ಕೇಳಿದ್ಯಾ?”

ಅವನ ಬಾಯಿ ತೆರೆದುಕೊಂಡಿತು. “ಕೇಳಬಹುದಾ?”

“ಕೂತ್ಕೋ” ಎಂದಳು ಅಕ್ಕ.

ಅಷ್ಟು ದೊಡ್ಡ ಮನುಷ್ಯ ಗಾಜಿನ ಮೇಲೆಯೇ ಕುಳಿತ. ಇಕ್ಕಳ ಪಕ್ಕಕ್ಕೆ ಬಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೆಳಗಿನ ಅಂಗಡಿಯವರು, ಕಾವಲುಗಾರ, ರಸ್ತೆಯಲ್ಲಿ ಹೋಗುತ್ತಿದ್ದವರು, ಎಲ್ಲ ಮೆಟ್ಟಿಲು ಹತ್ತಿ ಬಂದರು. ರಕ್ತ ಕಂಡರು, ಕುಳಿತವನನ್ನು ಕಂಡರು. ಮೊದಲ ಒದೆ ಅವನ ಬಾಯಿಗೆ ಬಿತ್ತು. ಕಾವಲುಗಾರ ಕುರ್ಚಿಯ ಕಾಲಿನಿಂದ ಬೆನ್ನಿಗೆ ಹೊಡೆದ. ಯಾರೋ ಅವನ ಬೆರಳುಗಳ ಮೇಲೆ ಹಿಮ್ಮಡಿ ಇಟ್ಟು ತಿರುಗಿಸಿದರು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ. ಹಲ್ಲೊಂದು ಜಾರಿ ನನ್ನ ಮೇಜಿನ ಕೆಳಗೇ ಬಂತು. “ಹೊಡೀಬೇಡ್ರೋ! ಕೂತಿದಾನೆ, ಕೂತಿದಾನೆ!” ಎಂದು ಅಕ್ಕ ಚೀರುತ್ತಿದ್ದಳು. ಯಾರಿಗೂ ಕೇಳಿಸುತ್ತಿರಲಿಲ್ಲ. ಅಷ್ಟು ಹೊತ್ತು ಇಲ್ಲದ ಸಾಹೇಬರು ಕಪಾಟಿನ ಹಿಂದಿನಿಂದ ಬಂದು, “ಬಿಡಬೇಡಿ ಅವನನ್ನ” ಎಂದರು. ಇಲ್ಲಿಗೆ ಬಂದಮೇಲೆ ಅವರು ಯಾರಿಗಾದರೂ ಬಿಡಬೇಡಿ ಎಂದದ್ದು ಅದೇ ಮೊದಲು.

ಪೊಲೀಸರಿಗೆ ಸಾಹೇಬರು, ಅವನ್ಯಾರೋ ತಲೆಕೆಟ್ಟ ಕುಡುಕ ಎಂದು ಹೇಳಿದರು. ಆಸ್ಪತ್ರೆಯ ಹೊರಬಾಗಿಲ ಬೆಂಚಿನ ಮೇಲೆ ಕೈಗೆ ರಟ್ಟು ಕಟ್ಟಿಸಿಕೊಂಡು ಕುಳಿತಿದ್ದ ಅಕ್ಕನ ಹೇಳಿಕೆ ಬೇರೆ ಇತ್ತು. “ಕೈ ಮುರಿದದ್ದು ಅವನೇ. ಅದನ್ನ ಸರಿಯಾಗಿ ಬರ್ಕೊಳ್ಳಿ. ಕುಡಿದಿರಲಿಲ್ಲ. ಅವನಿಗೆ ಕೆಲಸ ಬಿಡು ಅಂದದ್ದು ಯಾರು, ಏನೂ ಕೇಳದೆ ಅಂದದ್ದು, ಅದನ್ನೂ ಸರಿಯಾಗಿ ಬರ್ಕೊಳ್ಳಿ.” ಆಮೇಲೆ ನನ್ನ ಕಡೆ ತಿರುಗಿ, “ಅವನ ಹೆಂಡ್ತಿಗೆ ಯಾರಾದ್ರೂ ಫೋನ್ ಮಾಡಿದ್ರಾ? ಆಪರೇಷನ್ ಮುಂಚೆ ಹಾಕಿಸ್ಕೋಬೇಕು ಅಂತ ಹೇಳಿದ್ರಾ?” ಎಂದಳು. ಯಾರೂ ಮಾಡಿರಲಿಲ್ಲ. ಅಕ್ಕನ ಗಂಡ ಓಡಾಡಿ ನಂಬರ್ ಹುಡುಕಿ ಮಾಡಿದರು. ಡಾಕ್ಟರು ದಿನ ಹಿಂದಕ್ಕೆ ಎಳೆದುಕೊಟ್ಟರು. ನೋಟಿಸ್ ಮುಗಿಯುವ ಮೊದಲೇ ಆಪರೇಷನ್ ಆಯಿತು. ಆಕೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅಕ್ಕನ ಗಂಡ ಇದ್ದರು, ಆಕೆಯ ಗಂಡ ಜೈಲಿನಲ್ಲಿದ್ದ. ರಾಜೀನಾಮೆ ವಾಪಸ್ ಪಡೆಯುವ ದಾರಿಯೂ ಅವನಿಗೆ ಈಗ ಇಲ್ಲ. ಇಕ್ಕಳದ ಸುದ್ದಿ ಕಾರ್ಖಾನೆಗೆ ಮುಟ್ಟಿದೆ.

ಮಗಳ ಮುಷ್ಟಿಯಲ್ಲಿ ಗಾಜು ಸಿಕ್ಕ ಮರುದಿನ ಅವಳನ್ನು ಅತ್ತೆಯ ಬಳಿ ಬಿಟ್ಟು ಅಕ್ಕನನ್ನು ನೋಡಲು ಹೋದೆ. ವಾರ್ಡಿನ ಕೊನೆಯ ಮಂಚ. ಮುಂಗೈಗೆ ಪ್ಲೇಟು ಹಾಕಿ ಹೊಲಿದಿದ್ದರು, ಬೆರಳುಗಳು ಊದಿ ನೇರಳೆಯಾಗಿದ್ದವು. ನಾನು ನಿಂತಲ್ಲಿಂದಲೇ, “ಅಕ್ಕಾ, ನಾನು ಕೆಲಸ ಬಿಡ್ಲಾ?” ಎಂದೆ.

“ಕೂತ್ಕೋ” ಎಂದಳು.

ಕುಳಿತೆ.

“ಇವತ್ತೇ ಯಾಕೆ ಕೇಳ್ತಿದೀಯ?”

ಗಾಜಿನ ಕಥೆ ಹೇಳಿದೆ. ಮಗು ಅದನ್ನು ಬಾಯಿಗೆ ಹಾಕಿದ್ದರೆ, ಗಂಟಲು ಸೀಳಿದ್ದರೆ, ನಾನು ಅಡುಗೆ ಮನೆಯಲ್ಲಿದ್ದು ನನಗೆ ಗೊತ್ತೇ ಆಗದಿದ್ದರೆ. ಅವಳು ಒಂದೊಂದೇ ಕೇಳಿದಳು. ಗಂಡನ ಸಂಬಳದಲ್ಲಿ ಮನೆ ಎಷ್ಟು ತಿಂಗಳು ನಡೆಯುತ್ತೆ. ಗೆಳತಿಯ ಆಫೀಸಿನಲ್ಲಿ ಕೆಲಸ ಏನು, ಅದು ಬರುತ್ತಾ. ಮಗುವನ್ನು ನೋಡಿಕೊಳ್ಳುವವರು ಯಾರು, ಅಲ್ಲಿ ಹೊರಡುವ ಹೊತ್ತು ಎಷ್ಟು. ಮೂರು ತಿಂಗಳು ನಡೆಯುತ್ತೆ. ಲೆಕ್ಕಪತ್ರದ ಕೆಲಸ, ಬರಲ್ಲ. ಅತ್ತೆ. ಮಗು ಮಲಗಿದ ಮೇಲೆ ಮನೆ ಸೇರಬೇಕಾಗುತ್ತೆ. ನನ್ನ ಉತ್ತರಗಳನ್ನು ನಾನೇ ಮೊದಲ ಸಲ ಕೇಳುತ್ತಿದ್ದೆ.

“ಕಣ್ಣು ಮುಚ್ಚಿದ್ರೆ ಏನು ಕಾಣುತ್ತೆ?”

“ಗಾಜಿನ ಗೋಡೆ. ಅದರಲ್ಲಿ ನನ್ನ ಹಿಂದೆ ಎತ್ತಿದ ಕೈ.”

“ಫೋನಲ್ಲಿ ಮಾತಾಡೋದು?”

“ಅದಲ್ಲ. ಅದಕ್ಕೆ ಹೆದರಿಕೆ ಇಲ್ಲ. ಅದು ಇಷ್ಟ.”

“ಹೂಂ.” ಅವಳು ಕಣ್ಣು ಮುಚ್ಚಿಕೊಂಡಳು. ನೋವಿನ ಮಾತ್ರೆಯ ಬಲ ಇಳಿಯುತ್ತಿತ್ತು, ಹಣೆಯ ಮೇಲೆ ಬೆವರು.

“ಹೇಳಿ ಅಕ್ಕಾ. ಬಿಡ್ಲಾ, ಬೇಡ್ವಾ?”

“ನಂಗೇನ್ ಗೊತ್ತೇ? ನನ್ನ ಕೈಯೇ ನಂಗೆ ಗೊತ್ತಾಗ್ತಿಲ್ಲ.” ಊದಿದ ಬೆರಳುಗಳನ್ನು ನೋಡಿಕೊಂಡಳು. “ಅವತ್ತು ಅವನು ಕೂತ ಮೇಲೂ ಹೊಡೆದ್ರಲ್ಲ, ಅದೇ ಕಣ್ಮುಂದೆ ಬರುತ್ತೆ. ನಾನು ಸುಮ್ನೆ ಇದ್ದಿದ್ರೆ ಅವನು ನಿಂತೇ ಇರ್ತಿದ್ದ. ಒಂದು ಏಟಾದ್ರೂ ತಪ್ಪಿಸ್ಕೋತಿದ್ದ.” ಆಮೇಲೆ ಗೋಡೆಯ ಕಡೆ ಹೊರಳಿದಳು. “ಹೋಗು, ಮಗು ಕಾಯ್ತಿರುತ್ತೆ.”

ಹೊರಗೆ ಕಾರಿಡಾರಿನಲ್ಲಿ ಸಾಲಾಗಿ ಕುರ್ಚಿಗಳಿದ್ದವು. ಬಾಗಿಲು ಕಾಣುವ ಹಾಗೆ, ಗೋಡೆಗೆ ಬೆನ್ನು ಕೊಟ್ಟು ಒಂದರಲ್ಲಿ ಕುಳಿತೆ. ಬ್ಯಾಗಿನೊಳಗೆ ಫೋನಿಗೆ ಕೈಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ಒಂದು ಹನಿ ರಕ್ತ. ಇನ್ನೊಂದು ಚೂರು. ಸಿಗುತ್ತಲೇ ಇರುತ್ತವೆ, ಅಷ್ಟೇ ಅಂದುಕೊಂಡೆ. ಅದನ್ನು ಕರವಸ್ತ್ರದಲ್ಲಿ ಕಟ್ಟಿ, ಬೆರಳನ್ನು ಚೀಪಿಕೊಂಡು, ಎಷ್ಟೋ ದಿನದಿಂದ ಮುಂದೂಡುತ್ತ ಬಂದಿದ್ದ ಕರೆಯನ್ನು ಮಾಡಿದೆ.

ಸಾಹೇಬರು ಒಂದೇ ರಿಂಗಿಗೆ ಎತ್ತಿದರು. “ಆಹಾ, ಮೇಡಂ! ಯಾವಾಗ ಬರ್ತೀರಿ? ಹೊಸ ಗಾಜು ಹಾಕಿಸಿ ಆಯ್ತು. ದೀಪಗಳೂ ಬಂದಿವೆ.”

“ಸಾರ್, ಅದರ ಬಗ್ಗೆನೇ ಮಾತಾಡ್ಬೇಕಿತ್ತು. ನನ್ನ ಮೇಜು ಬಾಗಿಲ ಕಡೆಗೆ ತಿರುಗಬೇಕು. ಹಿಂದುಗಡೆ ಕಪಾಟಿನ ಹತ್ರ ಇನ್ನೊಂದು ಬಾಗಿಲು ತೆಗೀಬೇಕು. ಆ ದೀಪ ನಂಗೆ ಬೇಡ. ಮತ್ತೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ನಾನೂ ಹೇಳಿಕೆ ಕೊಡ್ತೀನಿ. ಆ ಫೋನು ನನ್ನ ಮೇಜಿನದ್ದು. ಆ ಮಾತು ನಾನೂ ಕೇಳಿಸ್ಕೊಂಡಿದೀನಿ. ಅವನು ಕೂತ ಮೇಲೆ ಏನಾಯ್ತು ಅನ್ನೋದನ್ನೂ ನೋಡಿದೀನಿ.”

ಆ ಕಡೆಯಿಂದ, “ಅದೆಲ್ಲ ಯಾಕೀಗ? ಒಂದು ಮಾತಲ್ಲಿ ಹೇಳಿ. ಕೆಲಸಕ್ಕೆ ಬರ್ತೀರೋ ಬಿಡ್ತೀರೋ?”

“ಒಂದು ಮಾತಲ್ಲಿ ಆಗಲ್ಲ ಸಾರ್” ಎಂದೆ. ಬಾಗಿಲು ನನ್ನ ಕಣ್ಣೆದುರೇ ಇತ್ತು. “ನೀವು ಕೂತ್ಕೊಂಡಿದೀರಾ?”